ನಾಲ್ಕನೇ ಪಾಯಿಂಟು

ಆ ಬುಧವಾರವೂ ಐದೂವರೆಗೆ ಎದ್ದೆ. ಹಾಲು ಕಾಯಿಸಿ, ಅತ್ತೆಗೆ ಬಿಸಿನೀರು ಕೊಟ್ಟು, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಅವಳು ಕಡಲೆಬೀಜ ಆರಿಸಿ ತಿನ್ನುತ್ತಾಳೆ, ಅದಕ್ಕೆ ಅವನ್ನೆಲ್ಲ ಮೇಲೆ ಹರಡಿದೆ. ಎರಡು ಹೆರಳು ಹಾಕಿ, ಅವಳ ಕೈ ಹಿಡಿದುಕೊಂಡು ಮೇನ್ ರೋಡಿಗೆ ಹೋದೆ.

ನಾವಿರುವುದು ಹಗರೆಯಲ್ಲಿ. ಶಾಲೆ ಬೇಲೂರಿನಲ್ಲಿ. ಮೊದಲು ಶಾಲೆಯ ಬಸ್ಸು ಊರೊಳಗೆ ಬಂದು ಡೈರಿ ಅಂಗಳದಲ್ಲಿ ತಿರುಗಿಕೊಂಡು ಹೋಗುತ್ತಿತ್ತು. ಹೊಸ ರೂಟು ಅಂತ ಹದಿನೈದು ದಿನದಿಂದ ಒಳಗೆ ಬರುತ್ತಿಲ್ಲ. ಹಾಸನದ ಕಡೆಯಿಂದ ಬಂದು ರಸ್ತೆಯ ಆಚೆ ಬದಿಯಲ್ಲೇ ನಿಲ್ಲುತ್ತದೆ. ಈಚೆಯಿಂದ ಐದು ಮಕ್ಕಳು ದಾಟಬೇಕು. ಟೈರ್ ಅಂಗಡಿಯ ತಿರುವಿನಲ್ಲಿ ಲಾರಿ ಬರುವುದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಆ ದಿನ ಅರ್ಧ ದಾಟಿದ್ದೆವು, ಮಗಳ ನೀರಿನ ಬಾಟಲಿ ಬಿತ್ತು. ಅವಳು ನನ್ನ ಕೈ ಕೊಸರಿಕೊಂಡು ಬಗ್ಗಿದಳು. ನಾನು ಎಳೆದುಕೊಂಡೆ. ಬಾಟಲಿಯ ಮೇಲೆ ಲಾರಿ ಹೋಯಿತು. ಬಸ್ಸು ಹತ್ತಿದ ಮೇಲೂ ಅವಳು ಕಿಟಕಿಯಿಂದ ಆ ನೀಲಿ ಚೂರನ್ನೇ ನೋಡುತ್ತಿದ್ದಳು.

ಈ ವಿಷಯ ನಾನು ಶಾಲೆಗೆ ತಿಳಿಸದೆ ಇರಲಿಲ್ಲ. ಹಿಂದಿನ ವಾರವೇ ಮೇಲ್ ಕಳಿಸಿದ್ದೆ. ಅರಸೀಕೆರೆಯ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ, ಮೊದಲು ವಂದನೆ, ಆಮೇಲೆ ಕೃತಜ್ಞತೆ, ಕೊನೆಗೆ ಕೋರಿಕೆ. ವಾರ್ಷಿಕೋತ್ಸವ ಎಷ್ಟು ಚೆನ್ನಾಗಿತ್ತು, ಮಗಳಿಗೆ ಇಂಗ್ಲಿಷ್ ಪದ್ಯ ಎಷ್ಟು ಚೆನ್ನಾಗಿ ಬಂತು ಎಂದು ಶುರುಮಾಡಿ, ಒಂದೂ ಪ್ಯಾರಾ ಒಡೆಯದೆ ಉದ್ದಕ್ಕೆ ಬರೆದಿದ್ದೆ. ಬಸ್ಸಿನ ಮಾತು ಬಂದದ್ದು ಬಾಲದಲ್ಲಿ.

ಉತ್ತರ ಬೇಗನೇ ಬಂತು. ನಿಮ್ಮ ಪ್ರೀತಿಯ ಮಾತುಗಳಿಗೆ ಧನ್ಯವಾದ ಅಂತ. ಸಂಜೆಗೆ ನನ್ನ ಮೊದಲ ನಾಲ್ಕು ಸಾಲನ್ನು ಪೋಷಕರ ವಾಟ್ಸಾಪ್ ಗುಂಪಿಗೇ ಹಾಕಿದ್ದರು. ಯಾರ‍್ಯಾರೋ ಕೈಮುಗಿಯುವ ಚಿತ್ರ ಒತ್ತಿದರು. ಇನ್ನು ನಾನು ಯಾವ ಬಾಯಲ್ಲಿ ದೂರು ಹೇಳಲಿ?

ಬಾಟಲಿ ಹೋದ ಬೆಳಿಗ್ಗೆ ಮನೆಗೆ ಬಂದವಳೇ ಶಾಲೆಯ ಆಫೀಸಿಗೆ ಫೋನು ಮಾಡಿದೆ. ಅಲ್ಲಿಯ ಹುಡುಗಿ ಒಳ್ಳೆಯವಳು.

“ಪ್ರಿನ್ಸಿಪಾಲ್ ಮೇಡಂ ಮೇಲ್ ನೋಡೋದು ಫೋನಲ್ಲೇ, ಅದೂ ಕ್ಲಾಸಿಂದ ಕ್ಲಾಸಿಗೆ ಹೋಗ್ತಾ. ಮೊದಲೆರಡು ಸಾಲು ನೋಡ್ತಾರೆ ಅಷ್ಟೇ ಕಣ್ರೀ. ಬಸ್ ರೂಟಿನ ಪಟ್ಟಿ ಇವತ್ತು ಎರಡು ಗಂಟೆಗೆ ಫೈನಲ್ ಆಗುತ್ತೆ. ಆಮೇಲೆ ವರ್ಷವೆಲ್ಲ ಅದೇ. ಚಿಕ್ಕದಾಗಿ ಬರೀರಿ, ಪಾಯಿಂಟ್ ಪಾಯಿಂಟಾಗಿ. ಏನು ಬೇಕು ಅನ್ನೋದು ಮೊದಲೇ ಇರಲಿ.”

ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟುಕೊಂಡು ಕೂತೆ. ವಂದನೆಯಿಲ್ಲದೆ ಬೇಡುವುದು ಚಪ್ಪಲಿ ಬಿಡದೆ ಒಳಗೆ ಹೋದ ಹಾಗೆ ಅನ್ನಿಸಿ ಕೈಯೇ ಓಡಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವಳು ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದುಕೊಂಡು ಬಂದಳು. ಅವಳ ಮಗನೂ ಅದೇ ಬಸ್ಸು.

“ಅಕ್ಕ, ಬಸ್ಸಲ್ಲಿ ಸೀಟು ಹರಿದೈತೆ, ಅದ್ನೂ ಬರೀರಿ. ಡ್ರೈವರ್ ಹಾಡು ಜೋರಾಗಿ ಹಾಕ್ತಾನೆ, ಅದ್ನೂವೆ.”

“ಅದನ್ನೆಲ್ಲ ಸೇರಿಸಿದರೆ ರಸ್ತೆ ದಾಟೋದು ಮತ್ತೆ ಮುಳುಗಿಹೋಗುತ್ತೆ ಕಣೇ. ಒಂದು ಮೇಲಿಗೆ ಒಂದೇ ವಿಷಯ.”

“ಇಂಗ್ಲಿಷ್ ಬರೋರು ನೀವು. ನಿಮ್ ಕೈಲಿ ನಾಕು ಮಾತು ಜಾಸ್ತಿ ಬರೆಯಕ್ಕಾಗಲ್ವ?” ಎಂದು ಕ್ಯಾನು ತೂಗಾಡಿಸುತ್ತಾ ಹೋದಳು.

ಮೊದಲ ಸಲ ಬರೆದಾಗ ಒಂಬತ್ತು ಪಾಯಿಂಟಾದವು. ಅದೂ ಓದುವಂತಿರಲಿಲ್ಲ, ಉದ್ದ ಪ್ಯಾರಾವನ್ನೇ ಕತ್ತರಿಸಿ ಒಣಹಾಕಿದ ಹಾಗಿತ್ತು. ಒಂದು ಗೆರೆಯಲ್ಲಿ ಎರಡೆರಡು ವಿಷಯ. ಅಳಿಸಿ ಮೂರಕ್ಕೆ ಇಳಿಸಿದೆ. ಪ್ರತಿ ಗೆರೆಯ ಮೊದಲ ಪದ ನೋಡಿದರೇ ವಿಷಯ ತಿಳಿಯಬೇಕು ಅಂದುಕೊಂಡೆ. ನಾನು ಕನ್ನಡದಲ್ಲಿ ಹೇಳಿಕೊಂಡು ಬರೆಯುತ್ತಿದ್ದದ್ದನ್ನು ಸೋಫಾದಿಂದ ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

“ಬರೀ ಕೇಳ್ತಾ ಹೋದ್ರೆ ಯಾರ್ ಕೊಡ್ತಾರೆ? ನಾವೇನ್ ಮಾಡ್ತೀವಿ ಅಂತ್ಲೂ ಹಾಕವ್ವ.”

ಸರಿಯೆನಿಸಿತು. ನಾಲ್ಕನೆಯದು ಸೇರಿಸಿದೆ. ಮೊದಲು ನನಗೇ ಕಳಿಸಿಕೊಂಡು ನೋಡಿದೆ. ಪ್ಯಾರಾಗಳ ನಡುವೆ ಖಾಲಿ ಸಾಲು ಬಿಡುವುದು ಮರೆತಿತ್ತು, ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದೆ. ಈಗ ಬೆರಳು ಆಡಿಸದೆಯೇ ಪೂರ್ತಿ ಒಂದು ಪರದೆಯಲ್ಲಿ ಕಂಡಿತು. ಇಂಗ್ಲಿಷಿನಲ್ಲಿದ್ದದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ವಿಷಯದ ಸಾಲಿನಲ್ಲೇ ‘ಹಗರೆ ಸ್ಟಾಪ್: ಇಂದು ಎರಡು ಗಂಟೆಯೊಳಗೆ ನಿರ್ಧಾರ ಬೇಕು’ ಎಂದಿತ್ತು. ಕೆಳಗೆ ಹೀಗೆ:

ಮಾನ್ಯರೇ,

ಹಗರೆಯಲ್ಲಿ ಬಸ್ಸು ಮೊದಲಿನಂತೆ ಡೈರಿ ಅಂಗಳದೊಳಗೆ ಬಂದು ನಿಲ್ಲಬೇಕೆಂದು ಕೋರುತ್ತೇವೆ.

- ತೊಂದರೆ: ಐದು ಮಕ್ಕಳು ದಿನಾ ಬೆಳಿಗ್ಗೆ ಮುಖ್ಯರಸ್ತೆ ದಾಟುತ್ತಿದ್ದಾರೆ.
- ಅಪಾಯ: ತಿರುವಿನಿಂದಾಗಿ ಲಾರಿಗಳು ಕಾಣುವುದಿಲ್ಲ. ಇಂದು ಸ್ವಲ್ಪದರಲ್ಲಿ ತಪ್ಪಿತು.
- ಜಾಗ: ಅಂಗಳದಲ್ಲಿ ಬಸ್ಸು ತಿರುಗುತ್ತದೆ. ಡೈರಿಯವರ ಒಪ್ಪಿಗೆ ಮೊದಲಿಂದಲೂ ಇದೆ.
- ಹೊಣೆ: ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನಮ್ಮಲ್ಲಿ ದೊಡ್ಡವರೊಬ್ಬರು ಅಲ್ಲಿರುತ್ತೇವೆ.

ಪಟ್ಟಿ ಮುಗಿಯುವ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ.

ಕೊನೆಗೆ ನನ್ನ ಹೆಸರು. ಹನ್ನೊಂದೂವರೆಗೆ ಕಳಿಸಿದೆ. ಆಮೇಲೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ರುಚಿ ನೋಡಿದೆ.

ಒಂದು ಗಂಟೆಗೆ ಉತ್ತರ ಬಂತು. ನಾನು ಬರೆದ ಹಾಗೆಯೇ, ನನ್ನ ಒಂದೊಂದು ಗೆರೆಯ ಕೆಳಗೂ ಅವರದೊಂದು ಗೆರೆ. ಮೊದಲ ಮೂರಕ್ಕೂ ಒಪ್ಪಿಗೆ. ನಾಳೆಯಿಂದಲೇ ಬಸ್ಸು ಅಂಗಳಕ್ಕೆ ಬರುತ್ತದೆ. ನಾನು ಸಿಂಕಿನ ಮುಂದೆ ನಿಂತುಕೊಂಡೇ ಉಸಿರು ಬಿಟ್ಟೆ. ಆಮೇಲೆ ನಾಲ್ಕನೆಯದರ ಕೆಳಗಿನದನ್ನು ಓದಿದೆ.

‘ಹಗರೆ ಸ್ಟಾಪಿಗೆ ನಿಮ್ಮ ಹೆಸರು ಬರೆದುಕೊಂಡಿದ್ದೇವೆ. ಬೆಳಿಗ್ಗೆ ಏಳೂ ಮೂವತ್ತಕ್ಕೆ, ಸಂಜೆ ನಾಲ್ಕಕ್ಕೆ ನೀವು ಅಲ್ಲಿದ್ದು ಮಕ್ಕಳನ್ನು ಎಣಿಸಿ ರಿಜಿಸ್ಟರಿಗೆ ಸಹಿ ಮಾಡಬೇಕು. ನೀವಿಲ್ಲದ ದಿನ ಬಸ್ಸು ರಸ್ತೆಯಲ್ಲೇ ನಿಲ್ಲುತ್ತದೆ.’

‘ನಮ್ಮಲ್ಲಿ ದೊಡ್ಡವರೊಬ್ಬರು’ ಎಂದು ಬರೆದಾಗ ಆ ಒಬ್ಬರು ಯಾರೆಂದು ನಾನೇ ಯೋಚಿಸಿರಲಿಲ್ಲ. ಹಿಂದಿನಂತೆ ಉದ್ದದ ಮೇಲ್‌ನಲ್ಲಾಗಿದ್ದರೆ ಆ ಸಾಲನ್ನು ಯಾರೂ ಹಿಡಿಯುತ್ತಿರಲಿಲ್ಲ. ನಾನೇ ಅದಕ್ಕೆ ಬೇರೆ ಗೆರೆ ಹಾಕಿ, ಮುಂದೆ ಹೊಣೆ ಎಂದು ಬರೆದು ಕೊಟ್ಟಿದ್ದೆ.

ಮರುದಿನ ಗುರುವಾರ. ಗುರುವಾರ ನಾನು ಅರಸೀಕೆರೆಗೆ ಹೋಗುವ ದಿನ. ಅಕ್ಕನ ಮನೆಯಲ್ಲಿ ಊಟ ಮಾಡಿ, ಅವಳ ಹಿತ್ತಿಲಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಮಾತಾಡಿ, ಹಳೇಬೀಡಿನಲ್ಲಿ ಬಸ್ಸು ಬದಲಿಸಿಕೊಂಡು ಆರರ ಹೊತ್ತಿಗೆ ಬರುತ್ತಿದ್ದೆ. ಸಂಜೆ ಬಸ್ಸು ಈಚೆ ಬದಿಯಲ್ಲೇ ಬಿಡುತ್ತಿತ್ತಲ್ಲ, ಮಕ್ಕಳು ತಾವೇ ಗುಂಪಾಗಿ ಮನೆಗೆ ಬರುತ್ತಿದ್ದರು. ಮದುವೆಯಾದ ಮೇಲೆ ವಾರದಲ್ಲಿ ನನ್ನದು ಅಂತ ಉಳಿದದ್ದು ಅದೊಂದು ದಿನ. ಅತ್ತೆಗೆ ಮಂಡಿನೋವು, ಅಂಗಳದವರೆಗೆ ನಡೆಯಲಾರರು. ನಮ್ಮನೆಯವರು ಏಳಕ್ಕೇ ಹಾಸನದ ಬಸ್ಸು ಹತ್ತುತ್ತಾರೆ.

ಬೇಡ ಎಂದು ಬರೆಯಲು ಫೋನು ಎತ್ತಿಕೊಂಡೆ. ಬೆಳಿಗ್ಗೆ ಬಾಟಲಿ ಬಿದ್ದ ಸದ್ದು ಕೇಳಿದಂತಾಯಿತು. ‘ಆಗಲಿ, ಧನ್ಯವಾದಗಳು’ ಎಂದಷ್ಟೇ ಕಳಿಸಿದೆ. ಅಷ್ಟು ಚಿಕ್ಕ ಮೇಲನ್ನು ನಾನು ಅದಕ್ಕೆ ಮುಂಚೆ ಬರೆದಿರಲಿಲ್ಲ. ಅಕ್ಕನಿಗೂ ಫೋನು ಮಾಡಿ ಹೇಳಿದೆ. “ಹೋಗಲಿ ಬಿಡು, ರಜಾ ಬರುತ್ತಲ್ಲ” ಎಂದಳು.

ಸಂಜೆ ಪಕ್ಕದ ಮನೆಯವಳು ಹಸುವಿಗೆ ಹುಲ್ಲು ಹೊತ್ತುಕೊಂಡು ಬರುತ್ತಿದ್ದಳು. ಗೇಟಿನ ಹತ್ತಿರ ಅವಳಿಗೆ ಮೇಲನ್ನೂ ಉತ್ತರವನ್ನೂ ತೋರಿಸಿದೆ. ಹೊರೆ ಇಳಿಸದೆ ಬಗ್ಗಿ ನೋಡಿದಳು.

“ಇಷ್ಟೇಯ? ಬೆಳಿಗ್ಗೆಯಿಂದ ಕೂತ್ಕಂಡು ಇಷ್ಟನ್ನೇ ಬರೆದ್ರಾ?” ಎಂದು ನಕ್ಕಳು.

“ನಾಳೆಯಿಂದ ಎರಡು ಹೊತ್ತೂ ನಾನು ಅಲ್ಲಿರಬೇಕಂತೆ. ವಾರಕ್ಕೊಂದು ದಿನ ನೀನು ನಿಲ್ಲೋಕಾಗುತ್ತಾ, ಗುರುವಾರ?”

“ನಂಗೆಲ್ಲಿ ಪುರುಸೊತ್ತಕ್ಕಾ, ಹೊಲ ಐತೆ, ಹಾಲು ಐತೆ.” ಹುಲ್ಲಿನ ಹೊರೆಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಮುಂದೆ ನಡೆದಳು. ತಿರುಗಿ ನೋಡದೆಯೇ ಅಂದಳು, “ನೀವಾದ್ರೆ ಹೆಂಗೂ ಮನೇಲೇ ಇರ್ತೀರಲ್ಲ.”