ಔರಾದಿನ ಕುರ್ಚಿ

ಚಿದ್ರಿಯ ಶಿವಕಾಂತಾ ದಿನಾ ಬಸ್ಸು ಹಿಡಿದು ಭಾಲ್ಕಿಗೆ ಹೋಗುತ್ತಿದ್ದಳು. ಅಲ್ಲಿ ಶಿವರಾಜಪ್ಪನವರ ಹನಿ ನೀರಾವರಿ ಪೈಪಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಪೈಪು ಕೇಳುವವರೇ ಕಡಿಮೆಯಾಗಿದ್ದರು. ಅವಳ ಗಂಡ ಮಡೆಪ್ಪನೂ ಹೊಲ ಬಿಟ್ಟು ಪುಣೆಗೆ ಹೋಗಿ ವಾಚ್‌ಮನ್ ಆಗಿದ್ದ.

ಅಂಥದರಲ್ಲಿ ಪೈಪು ಮಾಡುವ ಕಂಪನಿಯೇ ತನ್ನ ಔರಾದ್ ಶಾಖೆಗೆ ಒಬ್ಬರನ್ನು ತೆಗೆದುಕೊಳ್ಳುವುದಾಗಿ ತಿಳಿಸಿತು. ಶಿವಕಾಂತಾ ಸಂದರ್ಶನ ಕೊಟ್ಟು ಬಂದಳು. ಎಚ್‌ಆರ್‌ನ ಕುಬರಾ ಮೇಡಂ, ಚೆನ್ನಾಗಿ ಮಾಡಿದ್ದೀರಿ ಎಂದಿದ್ದರು. ಆ ಸಂಬಳ ಬಂದರೆ ಮಡೆಪ್ಪ ಊರಿಗೆ ವಾಪಸಾಗಬಹುದಿತ್ತು. ಕೆಲಸ ಸಿಕ್ಕೇಬಿಟ್ಟಿತೆಂದು ಅವಳು ಶಿವರಾಜಪ್ಪನವರ ಬಳಿ ಕೆಲಸ ಬಿಡುವ ಮಾತನ್ನೂ ಆಡಿದ್ದಳು. ಶನಿವಾರದೊಳಗೆ ಖಾತ್ರಿ ಹೇಳು, ಬೇರೆ ಹುಡುಗಿ ಕಾಯುತ್ತಿದ್ದಾಳೆ ಎಂದು ಅವರು ತಿಳಿಸಿದ್ದರು.

ಆ ವಾರವೇ ಸುದ್ದಿ ಬಂತು. ಕಂಪನಿ ಸಣ್ಣ ಶಾಖೆಗಳನ್ನು ಒಂದುಗೂಡಿಸುತ್ತಿದೆಯಂತೆ, ಜನರನ್ನೂ ಕೆಲಸದಿಂದ ತೆಗೆಯುತ್ತಿದೆಯಂತೆ. ಕುಬರಾ ಅವರನ್ನು ಕೇಳೋಣವೆಂದರೆ, ಕಂಪನಿಯ ಮೇಲೆ ನಂಬಿಕೆ ಇಲ್ಲವೆಂದುಕೊಂಡಾರೆಂಬ ಅಂಜಿಕೆ ಶಿವಕಾಂತಾಳಿಗೆ. ಕೇಳದೆ, ಫೋನಿನಲ್ಲಿ ಅವರಿಗೆ ದಿನಾ ಬೆಳಿಗ್ಗೆ ದೇವರ ಚಿತ್ರವಿರುವ 'ಶುಭೋದಯ' ಕಳಿಸಿದಳು. ಆ ಕಡೆಯಿಂದ ದಿನಾ ಮುಗಿದ ಕೈಗಳ ಚಿತ್ರ ಬಂತು.

ಪಕ್ಕದ ಮನೆಯ ಜಿಜಾಬಾಯಿ ನೋಡಿ ನಕ್ಕಳು. "ದೇವರ ಕೈಲಿ ಯಾಕ ಚೀಟಿ ಕಳಸ್ತಿ? ನಿನ್ನ ಬಾಯಿ ಇಲ್ಲೇನ?"

ಶುಕ್ರವಾರ ಲಿಂಗಪೂಜೆ ಮುಗಿಸಿ ಎದ್ದ ಶಿವಕಾಂತಾ ನೇರವಾಗಿ ಬರೆದಳು: 'ಮೇಡಂ, ನಿಮ್ಮಲ್ಲಿ ಕೆಲಸ ಮಾಡುವ ಆಸೆ ಈಗಲೂ ಇದೆ. ಶಾಖೆಗಳನ್ನು ಒಂದುಗೂಡಿಸುವ ಸುದ್ದಿ ಓದಿದೆ. ಔರಾದ್ ಹುದ್ದೆಗೆ ಇನ್ನೂ ಮಂಜೂರಾತಿ ಇದೆಯೇ? ಇದ್ದರೆ ಕೆಲಸದಲ್ಲಿ ಏನಾದರೂ ಬದಲಾವಣೆ ಇದೆಯೇ? ಶನಿವಾರ ನಾನು ಇಲ್ಲಿ ಉತ್ತರ ಹೇಳಬೇಕು.'

ಮಧ್ಯಾಹ್ನ ಫೋನು ಬಂತು. ಕುಬರಾ ಬೇಸರ ಮಾಡಿಕೊಂಡಿರಲಿಲ್ಲ. ಬೆಳಿಗ್ಗೆಯೇ ಮೇಲಿನವರನ್ನು ವಿಚಾರಿಸಿದ್ದರು. ಹುದ್ದೆ ರದ್ದಾಗಿಲ್ಲ, ಆದರೆ ಮಂಜೂರಾತಿ ತಡೆದಿದ್ದಾರೆ; ಔರಾದ್ ಶಾಖೆ ಉಳಿಯುತ್ತದೋ, ಬೀದರಿಗೆ ಸೇರುತ್ತದೋ ಇನ್ನೂ ತೀರ್ಮಾನವಾಗಿಲ್ಲ; ಹೆಚ್ಚಿನದು ತನಗೂ ಗೊತ್ತಿಲ್ಲ ಎಂದರು.

"ಆಫರ್ ಲೆಟರ್ ಕೈಗಿ ಬರೂತನಕ ಇದ್ದ ಕೆಲಸ ಬಿಡಬ್ಯಾಡ್ರಿ ಅಕ್ಕಾ. ದಿನಾ ಕೈ ಮುಗದು ಮುಗದು ನನಗೂ ಸಾಕಾಗಿತ್ತು. ಮೊದಲೇ ಕೇಳಿದ್ರ ಮೊದಲೇ ಹೇಳ್ತಿದ್ನಿರಿ."

"ತಪ್ಪು ತಿಳಕೋಬ್ಯಾಡ್ರಿ ಮೇಡಂ, ಅಂಜಿದ್ನಿರಿ."

ಕುಬರಾ ತಮ್ಮ ಮಾತೂ ಹೇಳಿಕೊಂಡರು. "ಅಂಜಿಕಿ ನನಗೂ ಅದರಿ. ನನ್ನ ಕುರ್ಚಿ ಉಳೀತದೋ ಇಲ್ಲೋ, ನಾ ಯಾರಿಗಿ ಕೇಳಲಿ?"

ಶಿವಕಾಂತಾ ಶಿವರಾಜಪ್ಪನವರಿಗೆ, ಸದ್ಯ ಹೋಗುವುದಿಲ್ಲ ಎಂದು ತಿಳಿಸಿದಳು. ಅವರು ಗೊಣಗಿದರು, ಆದರೆ ಅಂಗಡಿಯ ಬೀಗದಕೈ ಅವಳ ಮೇಜಿನ ಮೇಲೆಯೇ ಇಟ್ಟರು. ಮಡೆಪ್ಪನಿಗೆ, ಇನ್ನಷ್ಟು ದಿನ ತಡಿ ಎಂದು ಹೇಳುವಾಗ ಮಾತ್ರ ಅವಳ ದನಿ ತಗ್ಗಿತು.

ಮರುದಿನ ಬೆಳಿಗ್ಗೆ ಪೂಜೆಯಲ್ಲಿ ಅವಳು ಮಡೆಪ್ಪನ ಹೆಸರಿನ ಜೊತೆ ಕುಬರಾಳ ಹೆಸರನ್ನೂ ನೆನೆದಳು. ಆಮೇಲೆ ಫೋನು ತೆಗೆದು ಕುಬರಾಗೆ 'ಶುಭೋದಯ' ಕಳಿಸಿದಳು. ಅಂದು ಕೇಳುವುದೇನೂ ಇರಲಿಲ್ಲ.