ಸಿಸ್ಟರ್ ಬರೆದ ಲಿಫ್ಟ್ ನೋಟಿಸ್

ನಮ್ಮ ಕಟ್ಟಡದಲ್ಲಿ ಆಕೆಯನ್ನು ಎಲ್ಲರೂ ಸಿಸ್ಟರ್ ಅಂತಲೇ ಕರೆಯುವುದು. ಆಸ್ಪತ್ರೆಯ ವಾರ್ಡಿನಲ್ಲಿ ತಲೆ ನರೆಯುವವರೆಗೆ ದುಡಿದು ನಿವೃತ್ತರಾದವರು, ಎರಡನೇ ಮಹಡಿಯವರು. ಸೊಸೈಟಿಗೆ ಕಾರ್ಯದರ್ಶಿ ಯಾರಾಗ್ತೀರಿ ಅಂತ ಕೇಳಿದಾಗ ಉಳಿದವರೆಲ್ಲ ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದರು. ಇವರೊಬ್ಬರು ತಲೆ ಎತ್ತಿಕೊಂಡು ಕೂತಿದ್ದರು, ಸಿಕ್ಕಿಬಿದ್ದರು.

ಆಗ ನಮ್ಮ ಲಿಫ್ಟ್ ಕೆಟ್ಟು ನಿಂತಿತ್ತು. ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿ, ಅಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ಕ್ಲಿನಿಕ್ಕಿಗೆ ಹೋಗಿ ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಕಾಲು ಹೀಗೇ ಬಿಗಿದುಕೊಂಡುಬಿಡುತ್ತದೆ ಅಂತ ಡಾಕ್ಟರು ಹೇಳಿದ್ದರು. ಹೋಗುವುದು ಹೇಗೆ? ಅಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗಿನ ಜನರ ನೆತ್ತಿ ನೋಡುತ್ತಾ ಕೂರುವಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಮೊದಲೇ ನನ್ನದು ಮೂಗಿನ ತುದಿಯಲ್ಲೇ ಇರುವ ಕೋಪ.

ದುಡ್ಡಿಲ್ಲದ ಜನರೇನಲ್ಲ ಇವರು. ಹಿಂದಿನ ಸಲವೂ ಮೀಟಿಂಗ್ ಆಗಿತ್ತು, ಎಲ್ಲರೂ ಕೈ ಎತ್ತಿದ್ದರು. ಅಧ್ಯಕ್ಷರಾದ ಮೇಷ್ಟ್ರು ಕಾಲೇಜಿನಲ್ಲಿ ಪಾಠ ಹೇಳಿದವರು, ನಡಾವಳಿ ಬರೆಯಲು ಕೂತರೆ ಉಸಿರು ಬಿಡಲಿಕ್ಕೆ ಜಾಗ ಇಡುವುದಿಲ್ಲ. ಮೂರು ತಾರೀಖು, ಎರಡು ಮೊತ್ತ, ಹತ್ತು ಜನರ ಅಭಿಪ್ರಾಯ, ಎಲ್ಲವೂ ಒಂದೇ ಪ್ಯಾರಾ. ಅದನ್ನೇ ಹಾಗೇ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದ್ದರು. ಜನ ಓದಿದ್ದು ಕೊನೆಯ ಸಾಲು ಮಾತ್ರ. ಅಲ್ಲಿದ್ದ, ಲಿಫ್ಟ್ ಕಂಪನಿ ಕೆಲಸಕ್ಕೆ ಬರುವ ತಾರೀಖನ್ನೇ ದುಡ್ಡು ಕಟ್ಟುವ ತಾರೀಖು ಅಂದುಕೊಂಡು ಆರಾಮಾಗಿ ಕೂತರು. ಮುಂಗಡ ತಲುಪಲಿಲ್ಲ ಅಂತ ಕಂಪನಿಯವರು ಆ ದಿನವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಬಂದಿದ್ದ ನಾಲ್ಕು ಮನೆಯ ದುಡ್ಡು ವಾಪಸ್ ಹೋಯಿತು.

ಎರಡನೇ ಸಲ ಮೀಟಿಂಗ್ ಆಯಿತು. ಮೇಷ್ಟ್ರು ಮತ್ತೆ ಪ್ಯಾರಾ ಬರೆದರು. ಅಷ್ಟರಲ್ಲಿ ಸಿಸ್ಟರ್ ಕಾರ್ಯದರ್ಶಿಯಾಗಿದ್ದರಿಂದ ಈ ಸಲ ಹಾಳೆ ಅವರ ಕೈಗೆ ಬಂತು. ನಾನು ಅವರ ಮನೆಗೆ ಹೋಗಿ ಎದುರಿಗೇ ಕೂತೆ. ಪ್ಯಾರಾ ಹೀಗಿತ್ತು:

“ಲಿಫ್ಟ್ ಕಂಪನಿಯವರು ಹದಿನಾಲ್ಕರಂದು ಬರುವುದಾಗಿ ತಿಳಿಸಿದ್ದು, ಹನ್ನೆರಡರೊಳಗೆ ಮುಂಗಡ ತಲುಪಬೇಕಾದ ಕಾರಣ ಪ್ರತಿ ಮನೆಯವರು ಆರು ಸಾವಿರವನ್ನು ಹತ್ತನೇ ತಾರೀಖಿನ ಸಂಜೆಯೊಳಗೆ ನೀಡುವುದೆಂದು ತೀರ್ಮಾನಿಸಿ, ನೆಲಮಹಡಿಯವರು ಲಿಫ್ಟ್ ಬಳಸದ ಕಾರಣ ಮೂರು ಸಾವಿರ ನೀಡಬಹುದೆಂಬ ಅಭಿಪ್ರಾಯವೂ ವ್ಯಕ್ತವಾಗಿ, ಕೆಲಸದ ಉಸ್ತುವಾರಿಯನ್ನು ಸದಸ್ಯರೊಬ್ಬರು ಒಪ್ಪಿಕೊಂಡು, ಸರ್ವರೂ ಸಹಕರಿಸತಕ್ಕದ್ದೆಂದು ಕೋರಿ ಸಭೆಯನ್ನು ಮುಕ್ತಾಯಗೊಳಿಸಲಾಯಿತು.”

ಸಿಸ್ಟರ್ ಕನ್ನಡಕ ಏರಿಸಿ ಓದಿದರು. ಆಮೇಲೆ ವಾರ್ಡಿನ ಕಥೆ ಹೇಳಿದರು. ಪಾಳಿ ಬದಲಾಗುವಾಗ ಮುಂದಿನ ನರ್ಸಿಗೆ ‘ರೋಗಿಗಳನ್ನು ಚೆನ್ನಾಗಿ ನೋಡಿಕೋ’ ಅಂತ ಹೇಳಿ ಮನೆಗೆ ಹೋದರೆ ಒಬ್ಬನಿಗೆ ಎರಡು ಸಲ ಮಾತ್ರೆ, ಇನ್ನೊಬ್ಬನಿಗೆ ಒಂದೂ ಇಲ್ಲ. ಯಾವ ಮಂಚ, ಯಾವ ಔಷಧಿ, ಎಷ್ಟು ಹೊತ್ತಿಗೆ, ಕೊಡುವವರು ಯಾರು, ಇಷ್ಟನ್ನೂ ಬಿಡಿಸಿ ಹೇಳಬೇಕಂತೆ. ‘ಸದಸ್ಯರೊಬ್ಬರು’ ಅನ್ನುವ ರೋಗಿಯನ್ನೂ ನೋಡಿಲ್ಲ, ನರ್ಸನ್ನೂ ನೋಡಿಲ್ಲ ಅಂತ ನಕ್ಕರು.

ನನಗೆ ನಗು ಬರಲಿಲ್ಲ. ದುಡ್ಡು ಕೊಡದಿದ್ದರೆ ದಿನಕ್ಕೆ ನೂರು ದಂಡ, ನೀರು ಬಂದ್ ಅಂತ ಬರೀರಿ, ಆಗ ಬುದ್ಧಿ ಬರುತ್ತೆ ಅಂದೆ.

“ಮೀಟಿಂಗಲ್ಲಿ ದಂಡದ ಮಾತು ಬಂತಾ?”

“ಇಲ್ಲ. ಆದರೆ ಬರಬೇಕಿತ್ತು.”

“ಬರಬೇಕಿತ್ತು ಅನ್ನೋದನ್ನೆಲ್ಲ ಬರೆಯೋಕೆ ನಾನು ಯಾರಮ್ಮ? ತೀರ್ಮಾನ ಆಗಿದ್ದನ್ನ ಮಾತ್ರ ಬರೀತೀನಿ. ಇಲ್ಲದ್ದು ಒಂದು ಸಾಲು ಸೇರಿದರೂ ಅದನ್ನೇ ಹಿಡಕೊಂಡು ಜಗಳ ತೆಗೀತಾರೆ. ಆಮೇಲೆ ನಿಮ್ಮಮ್ಮ ಮೇಲೇ ಇರ್ತಾಳೆ.”

ಅಮ್ಮನ ಹೆಸರು ಎತ್ತಿದರೆ ನಾನು ತಣ್ಣಗಾಗುತ್ತೇನೆ ಅಂತ ಆಕೆಗೆ ಚೆನ್ನಾಗಿ ಗೊತ್ತು.

ಪ್ಯಾರಾದಲ್ಲಿ ಎರಡು ತೂತುಗಳಿದ್ದವು. ಅವನ್ನು ಮುಚ್ಚಲು ಸಿಸ್ಟರ್ ಮೇಷ್ಟ್ರ ಮನೆಗೆ ಹೋದರು, ನಾನೂ ಬಾಲದ ಹಾಗೆ ಹಿಂದೆ. ನೆಲಮಹಡಿಯವರಿಗೆ ಅರ್ಧ ಅನ್ನುವುದು ತೀರ್ಮಾನವಾ, ಬರೀ ಮಾತಾ? ಮೇಷ್ಟ್ರು ಗಲ್ಲ ಕೆರೆದುಕೊಂಡು ಬರೀ ಮಾತು ಅಂದರು, ಕೈ ಎತ್ತಿದ್ದು ಸಮಪಾಲಿಗೆ. ಉಸ್ತುವಾರಿ ಒಪ್ಪಿಕೊಂಡ ಆ ಸದಸ್ಯ ಯಾರು? ಕರೆಂಟ್ ಮಾವ. ಹೆಸರು ಹಾಕಿದರೆ ಬರವಣಿಗೆಯ ಗಾಂಭೀರ್ಯ ಕೆಡುತ್ತೆ ಅಂತ ಬಿಟ್ಟಿದ್ದರಂತೆ. ಅಯ್ಯೋ ಇವರ ಗಾಂಭೀರ್ಯವೇ!

ಕರೆಂಟ್ ಮಾವ ಅಂದರೆ ನೆಲಮಹಡಿಯ ಎರಡನೇ ಮನೆಯವರು, ಊರಿಗೆಲ್ಲ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್. ಅರ್ಧ ಮಾತ್ರ ಕೊಡ್ತೀನಿ ಅಂತ ಗಂಟಲು ಹರಿದುಕೊಂಡವರೂ ಅವರೇ. ನಮ್ಮ ಕಟ್ಟಡದಲ್ಲಿ ಅವರು ಹಟಕ್ಕೆ ಕೂತರೆ ಅವರ ಹಿಂದೆ ಇನ್ನೂ ಮೂರು ಮನೆ ಕೂರುತ್ತದೆ.

ಸಿಸ್ಟರ್ ನೇರ ಅವರ ಬಾಗಿಲಿಗೇ ಹೋದರು. ಉಸ್ತುವಾರಿ ನಿಮ್ಮದು ಅಂತ ಬರೀಲಾ ಅಂತ ಕೇಳಿದರು. ಸಮಪಾಲಿನ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು, ಒಪ್ಪಿಗೆ ಇಲ್ಲದಿದ್ದರೆ ಮುಂದಿನ ಮೀಟಿಂಗಿಗೆ ಲಿಖಿತವಾಗಿ ಕೊಡಿ, ಚರ್ಚೆಗೆ ಇಡ್ತೀನಿ ಅಂದರು. ಮಾವ ಗುರ್ ಅಂದರು. ಬರ್ಕೊಳ್ಳಿ ಅಂದು ಬಾಗಿಲು ಹಾಕಿಕೊಂಡರು.

ಮೇಷ್ಟ್ರು ನಡಾವಳಿಯಲ್ಲಿ ಆ ಎರಡನ್ನೂ ಸ್ಪಷ್ಟಪಡಿಸಿ ಸಹಿ ಮಾಡಿದ ಮೇಲೆ ನೋಟಿಸ್ ಗೋಡೆಗೆ ಬಂತು. ದಪ್ಪಕ್ಷರ, ಒಂದೇ ಪುಟ.

“ಲಿಫ್ಟ್ ದುರಸ್ತಿ: ನಿವಾಸಿಗಳ ಗಮನಕ್ಕೆ
ಕೊಡಬೇಕಾದದ್ದು: ಪ್ರತಿ ಮನೆಗೆ ₹6,000. ನೆಲಮಹಡಿಗೂ ಇಷ್ಟೇ.
ಕೊನೆಯ ದಿನ: 10ನೇ ತಾರೀಖು, ಸಂಜೆ 6.
ಯಾರ ಹತ್ತಿರ: ಖಜಾಂಚಿ, ಮನೆ 302. ರಸೀದಿ ಪಡೆಯಿರಿ.
ಕಂಪನಿಗೆ ಮುಂಗಡ: 12ರೊಳಗೆ. ಹೊಣೆ: ಖಜಾಂಚಿ.
ಕೆಲಸ ಶುರು: 14. ಮುಂಗಡ ತಲುಪದಿದ್ದರೆ ಕಂಪನಿ ಬರುವುದಿಲ್ಲ.
ಕೆಲಸದ ಉಸ್ತುವಾರಿ: ಮನೆ ಜಿ-2, ತಾವೇ ಒಪ್ಪಿಕೊಂಡಂತೆ.
ಲಿಫ್ಟಿನ ಮುಂದಿನ ಸಾಮಾನು, ಸೈಕಲ್ ತೆರವು: ಇಟ್ಟವರೇ, 13ರೊಳಗೆ.
ಅನುಮಾನವಿದ್ದರೆ ಕೇಳಿ: ಕಾರ್ಯದರ್ಶಿ, ಮನೆ 201.”

ಸಂಜೆ ಆರು, ಖಜಾಂಚಿಯ ಹೊಣೆ, ಸೈಕಲ್ ವಿಷಯ, ಎಲ್ಲವೂ ಮೀಟಿಂಗಲ್ಲಿ ತೀರ್ಮಾನವಾಗಿದ್ದವೇ, ಪಾಪ, ‘ಸಹಕರಿಸತಕ್ಕದ್ದು’ ಅನ್ನುವುದರೊಳಗೆ ಮುಳುಗಿಹೋಗಿದ್ದವು.

ಜನ ಅದರ ಮುಂದೆ ನಿಂತು ತಮ್ಮ ತಮ್ಮ ಸಾಲು ಹುಡುಕುವುದನ್ನು ನಾನು ಮೆಟ್ಟಿಲ ಮೇಲೆ ನಿಂತು ಕದ್ದು ನೋಡಿದೆ. ಯಾರಿಗೂ ನುಣುಚಿಕೊಳ್ಳಲು ಜಾಗವಿರಲಿಲ್ಲ. ಕರೆಂಟ್ ಮಾವ ಬಂದರು. ಕೈ ಕಟ್ಟಿಕೊಂಡು ಓದಿದರು. ನೆಲಮಹಡಿಗೂ ಇಷ್ಟೇ ಅನ್ನುವಲ್ಲಿ ಮುಖ ಗಂಟಾಯಿತು. ಕೆಳಗೆ ಜಿ-2 ಕಂಡಿತು. ಪಕ್ಕದಲ್ಲಿದ್ದವರು, ಓ, ನೀವೇ ನೋಡ್ಕೊಳ್ತೀರಾ, ಹಾಗಾದರೆ ಭಯ ಇಲ್ಲ ಬಿಡಿ ಅಂದರು.

ಮಾವ ಗಂಟಲು ಸರಿಮಾಡಿಕೊಂಡರು. “ಮತ್ತೆ? ಈ ಕಂಪನಿಯವರನ್ನ ನಂಬಿ ಬಿಡೋಕಾಗುತ್ತಾ?”

ಸಂಜೆಗೆ ಖಜಾಂಚಿಯ ಮೊದಲ ರಸೀದಿ ಹರಿದದ್ದು ಅವರ ಹೆಸರಿಗೆ, ಪೂರ್ತಿ ಆರು ಸಾವಿರಕ್ಕೆ. ಹಿಂದೆ ಕೂತಿದ್ದ ಮೂರು ಮನೆಯವರೂ ಗೊಣಗುತ್ತಲೇ ಎದ್ದು ಬಂದರು. ಹತ್ತನೇ ತಾರೀಖು ಸಂಜೆಗೆ ಒಂದು ಮನೆಯೂ ಬಾಕಿ ಇರಲಿಲ್ಲ! ದಂಡ ಇಲ್ಲ, ಬೆದರಿಕೆ ಇಲ್ಲ. ನಾನು ಸಿಸ್ಟರ್ ಮುಂದೆ ಸೋಲೊಪ್ಪಿಕೊಂಡೆ, ಇಷ್ಟು ಖುಷಿಯಾಗಿ ಯಾವತ್ತೂ ಸೋತವಳಲ್ಲ.

ಹದಿನಾಲ್ಕಕ್ಕೆ ಕಂಪನಿಯವರು ಬಂದರು. ಕರೆಂಟ್ ಮಾವ ಅವರ ಪ್ರಾಣ ಹಿಂಡಿದರು. ಕೆಲಸ ಮುಗಿದು, ಪರೀಕ್ಷೆ ಮಾಡಿ, ಕಂಪನಿಯವರು ಸಹಿ ಹಾಕಿ ಹೋದ ಮೇಲೆ ಮಾವ ತಾವೇ ಮೇಲೆ ಬಂದು ಅಮ್ಮನನ್ನು ಕರೆದರು. ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು, ಕ್ಲಿನಿಕ್ಕಿಗೆ ಹೋಗುವುದಕ್ಕೆ! ಗುಂಡಿ ಒತ್ತಲು ನಾನು ಕೈ ಚಾಚಿದರೆ ಕೋಲಿನಿಂದ ತಡೆದು ತಾನೇ ಒತ್ತಿದಳು.

ಕೆಳಗೆ ಬಾಗಿಲು ತೆರೆದಾಗ ಅರ್ಧ ಕಟ್ಟಡವೇ ನಿಂತಿತ್ತು. ಮೇಷ್ಟ್ರು ಭಾಷಣಕ್ಕೆ ಬಾಯಿ ತೆಗೆದರು, ಸಿಸ್ಟರ್ ಅವರ ತೋಳು ಚಿವುಟಿದರು. ಅಮ್ಮ ಒಬ್ಬೊಬ್ಬರನ್ನೇ ನೋಡಿದಳು.

“ಇಷ್ಟು ತಿಂಗಳು ನಿಮ್ಮೆಲ್ಲರ ನೆತ್ತಿ ಮಾತ್ರ ಕಾಣ್ತಿತ್ತು,” ಅಂದಳು. “ಮುಖ ಇನ್ನೂ ಹಾಗೇ ಇದೆ.”

ನಾನು ಅತ್ತುಬಿಟ್ಟೆ, ಎಲ್ಲರ ಎದುರಿಗೇ. ಅಮ್ಮ ಅದಕ್ಕೆ ನಿಲ್ಲಲಿಲ್ಲ. ಕೋಲು ಊರಿಕೊಂಡು, ಸಿಸ್ಟರ್ ತೋಳು ಹಿಡಿದು, ಗೇಟು ದಾಟಿ ರಸ್ತೆಗೆ ಇಳಿದಳು.