ಲಯನೆಲ್ ಸರ್ ಬರೆದ ಒಂದು ಸಾಲು

ಅತ್ತಾವರದ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ವೆಬ್‌ಸೈಟಿನ ಸರ್ವರ್ ನೋಡಿಕೊಳ್ಳುವವರು ಲಯನೆಲ್ ಪಿರೇರಾ. ಹದಿನೆಂಟು ವರ್ಷದ ಸರ್ವಿಸ್. ಅವರ ಮೇಜಿನ ಹಿಂದಿನ ಗೋಡೆಯಲ್ಲಿ ಅವರದೇ ಕೈಬರಹದ ಚೀಟಿ ಇದೆ: "ಸರ್ವರಿನ ಫೈಲಿಗೆ ಯಾರೂ ಕೈಹಾಕಬಾರದು. ಬದಲಾವಣೆ ಗಿಟ್ ಮೂಲಕವೇ ಬರಬೇಕು." ಗಿಟ್ ಎಂದರೆ ಕೋಡಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಸಾಫ್ಟ್‌ವೇರ್.

ಪ್ರತಿ ಸೋಮವಾರ ಹೊಸ ಕೋಡನ್ನು ಸರ್ವರಿಗೆ ಇಳಿಸುವ ಕೆಲಸ ಅವರ ಕೈಕೆಳಗಿನ ಮೋಕ್ಷಾಳದು. ಆ ಸೋಮವಾರ ಸುರತ್ಕಲ್‌ನಿಂದ ಬರುವ ಅವಳ ಬಸ್ಸು ತಡವಾಯಿತು. ಹೊಸ ಕೋಡನ್ನು ಎಳೆದುಕೊಳ್ಳಲು ಲಯನೆಲ್ ತಾವೇ ಗಿಟ್ ಪುಲ್ ಕೊಟ್ಟರು. ಅದು ಒಪ್ಪಲಿಲ್ಲ. ಸಂಪರ್ಕ ಪುಟದ ಫೈಲನ್ನು ಸರ್ವರಿನಲ್ಲೇ ಯಾರೋ ತಿದ್ದಿದ್ದಾರೆ, ಪುಲ್ ಮಾಡಿದರೆ ಆ ತಿದ್ದುಪಡಿ ಅಳಿಸಿಹೋಗುತ್ತದೆ ಎಂದು ನಿಂತುಬಿಟ್ಟಿತು.

ಮೋಕ್ಷಾ ಬ್ಯಾಗು ಇಡುವ ಮೊದಲೇ ಲಯನೆಲ್ ಶುರುಮಾಡಿದರು. "ನಿಮಗೆ ಓದ್ಲಿಕ್ಕೆ ಬರುವುದಿಲ್ಲವಾ? ಗೋಡೆಯಲ್ಲಿ ಎಂತ ಬರೆದದ್ದು?"

ರಿಸೆಪ್ಷನ್‌ನವರೂ ತಿರುಗಿ ನೋಡಿದರು.

ಏನು ಬದಲಾಗಿದೆ ಎಂಬುದು ಎಲ್ಲರಿಗೂ ಕಾಣುವಂತೆ ಲಯನೆಲ್ ಗಿಟ್ ಡಿಫ್ ಕೊಟ್ಟರು. ಬದಲಾಗಿದ್ದದ್ದು ಒಂದೇ ಸಾಲು, ಆಂಬುಲೆನ್ಸಿನ ಫೋನ್ ನಂಬರು. ಪಕ್ಕದಲ್ಲಿ ಟಿಪ್ಪಣಿ: "ಸದ್ಯಕ್ಕೆ. ಲಯನೆಲ್." ಜನವರಿಯ ಒಂದು ಭಾನುವಾರ, ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಲಯನೆಲ್ ಅವಸರದಲ್ಲಿ ಮನೆಯಿಂದಲೇ ತಿದ್ದಿ ಮರೆತಿದ್ದರು.

ಅವರ ಕಿವಿ ಕೆಂಪಾಯಿತು. ಸಣ್ಣ ದನಿಯಲ್ಲಿ ಕೇಳಿದರು: "ಇಷ್ಟು ತಿಂಗಳು ಪುಲ್ ಹೇಗೆ ಆಯ್ತು ಮತ್ತೆ?"

"ಈ ಫೈಲ್ ಬಂದಾಗೆಲ್ಲ ನಿಲ್ತಿತ್ತು ಸರ್. ನಿಮ್ಮ ಸಾಲನ್ನು ಸ್ಟ್ಯಾಶ್‌ನಲ್ಲಿ ತೆಗೆದಿಟ್ಟು, ಪುಲ್ ಮಾಡಿ, ವಾಪಸ್ ಹಾಕ್ತಿದ್ದೆ."

"ನನಗೆ ಹೇಳ್ಲಿಕ್ಕೆ ಎಂತಾಗಿತ್ತು?"

ಮೋಕ್ಷಾ ಗೋಡೆಯ ಚೀಟಿ ನೋಡಿ ತಲೆ ತಗ್ಗಿಸಿದಳು. "ನಿಮಗೆ ಬೇಜಾರಾಗ್ತದಲ್ಲ ಸರ್."